ಸಚಿತ್ರ ಪುಸ್ತಕಕ್ಕೆ ಕ್ರೌಡ್‌ಫಂಡಿಂಗ್: ಗುರಿ ಮೊತ್ತ, ಕೊಡುಗೆ ಹಂತ, ಪ್ರಸ್ತಾವನೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಕೆಳಗಿನ ಉತ್ತರಗಳಿಗೆಲ್ಲ ಒಂದೇ ಉದಾಹರಣೆ ಇದೆ: 96 ಪುಟಗಳ, ಎ5 ಅಳತೆಯ, ಬಣ್ಣದಲ್ಲಿ ಅಚ್ಚಾಗುವ, ಗಟ್ಟಿ ರಟ್ಟಿನ ಸಚಿತ್ರ ಪುಸ್ತಕ. ಲೆಕ್ಕವನ್ನು ಯಾವ ದೇಶದ ಹಣಕ್ಕೂ ಕಟ್ಟಿಹಾಕಿಲ್ಲ. ಒಂದು ಮುದ್ರಿತ ಪ್ರತಿಗೆ ಬೆಂಬಲಿಗರು ಕೊಡುವ ಮೊತ್ತ 100 ಎಂದು ಇಟ್ಟುಕೊಂಡು, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಬರೆದಿದೆ. ಮುದ್ರಕರು, ಕಲಾವಿದರು, ಅಂಚೆಯವರು ನಿಮಗೆ ಹೇಳಿದ ದರಗಳನ್ನು ಆ ಜಾಗಗಳಲ್ಲಿ ತುಂಬಿಕೊಂಡರೆ ನಿಮ್ಮ ಲೆಕ್ಕ ಸಿಗುತ್ತದೆ.

## ಶುರು ಮಾಡುವವರಿಗೆ

ಇದು ದಾನ ಕೇಳೋದಾ, ಇಲ್ಲ ಪುಸ್ತಕ ಮುಂಗಡ ಮಾರೋದಾ?

ಕೊಡುಗೆ ಆಧಾರಿತ ಕ್ರೌಡ್‌ಫಂಡಿಂಗ್ ಎರಡರ ನಡುವೆ ನಿಲ್ಲುತ್ತದೆ. ಬೆಂಬಲಿಗರು ಇನ್ನೂ ಸಿದ್ಧವಾಗದ ಕೆಲಸವೊಂದಕ್ಕೆ ಹಣ ಕೊಡುತ್ತಾರೆ. ಬದಲಿಗೆ ನೀವು ಪುಸ್ತಕವನ್ನೋ ಚಿತ್ರವನ್ನೋ ಕಳಿಸುವ ಮಾತು ಕೊಡುತ್ತೀರಿ. ಅವರಿಗೆ ಲಾಭದಲ್ಲಿ ಪಾಲಿಲ್ಲ, ಹಕ್ಕುಸ್ವಾಮ್ಯದಲ್ಲೂ ಪಾಲಿಲ್ಲ. ಹಾಗೆಂದು ಇದು ದಾನವಲ್ಲ. ಕಿಕ್‌ಸ್ಟಾರ್ಟರ್‌ನಂಥ ವೇದಿಕೆಗಳ ನಿಯಮದಂತೆ, ಹಣ ಪಡೆದವರು ಕೆಲಸ ಮುಗಿಸಿ ಕೊಡುಗೆಯನ್ನು ತಲುಪಿಸಬೇಕು. ಆಗದಿದ್ದರೆ ಹಣ ಹೇಗೆ ಖರ್ಚಾಯಿತೆಂದು ವಿವರಿಸಿ, ಉಳಿದದ್ದನ್ನು ಹಿಂದಿರುಗಿಸಬೇಕು. ಆದ್ದರಿಂದ ಬಂದ ಪ್ರತಿ ಬೆಂಬಲವೂ ನಿಮ್ಮ ಮೇಲಿನ ಒಂದು ಸಾಲ ಎಂದೇ ಲೆಕ್ಕ ಹಾಕಿ. ಆ ಸಾಲ ತೀರಬೇಕಾದದ್ದು ಪುಸ್ತಕದ ರೂಪದಲ್ಲಿ.

ಗುರಿ ಮುಟ್ಟದಿದ್ರೆ ಏನೂ ಸಿಗದ ಪದ್ಧತಿ ಒಳ್ಳೇದಾ, ಬಂದಷ್ಟು ಇಟ್ಕೊಳ್ಳೋ ಪದ್ಧತಿ ಒಳ್ಳೇದಾ?

ಅಚ್ಚಾಗುವ ಪುಸ್ತಕಕ್ಕೆ ಮೊದಲನೆಯದೇ ಸರಿ. 2009ರಲ್ಲಿ ಶುರುವಾದ ಕಿಕ್‌ಸ್ಟಾರ್ಟರ್ ನಡೆಯುವುದು ಹೀಗೆಯೇ: ಗುರಿ ಮುಟ್ಟದಿದ್ದರೆ ಯಾರ ಖಾತೆಯಿಂದಲೂ ಹಣ ಹೋಗುವುದಿಲ್ಲ. ಅದಕ್ಕೂ ಒಂದು ವರ್ಷ ಹಿಂದಿನ ಇಂಡಿಗೊಗೊ, ಬಂದಷ್ಟನ್ನು ಇಟ್ಟುಕೊಳ್ಳುವ ಆಯ್ಕೆಯನ್ನು ಜನಪ್ರಿಯಗೊಳಿಸಿತು.

ಬಂದಷ್ಟು ಸಿಕ್ಕರೆ ಲಾಭವಲ್ಲವೇ ಎಂದು ಹಲವರಿಗೆ ಅನ್ನಿಸುತ್ತದೆ. ಆದರೆ ಮುದ್ರಕರು 500 ಪ್ರತಿಗಿಂತ ಕಡಿಮೆ ಹಾಕುವುದಿಲ್ಲ ಎಂದಾಗ, 120 ಜನರ ಹಣ ಕೈಯಲ್ಲಿದ್ದರೆ ಏನು ಮಾಡುತ್ತೀರಿ? ಆ 120 ಜನಕ್ಕೆ ಪುಸ್ತಕ ಕೊಡಲೇಬೇಕು, ಅಚ್ಚು ಹಾಕಿಸುವಷ್ಟು ಹಣವಿಲ್ಲ. ಬಂದಷ್ಟು ಇಟ್ಟುಕೊಳ್ಳುವ ಪದ್ಧತಿ ಹೊಂದುವುದು ಕಡಿಮೆ ಹಣ ಬಂದರೂ ಚಿಕ್ಕದಾಗಿ ಮಾಡಿ ಮುಗಿಸಬಹುದಾದ ಕೆಲಸಗಳಿಗೆ ಮಾತ್ರ. ಸಂಗೀತ ಕಚೇರಿಗಳ ಸರಣಿಯಲ್ಲಿ ಎರಡನ್ನು ಕಡಿಮೆ ಮಾಡಬಹುದು. ಪುಸ್ತಕವನ್ನು ಅರ್ಧ ಅಚ್ಚು ಹಾಕಲು ಬರುವುದಿಲ್ಲ.

ವೇದಿಕೆಯಲ್ಲಿ ಪ್ರಸ್ತಾವನೆ ಹಾಕೋ ಹೊತ್ತಿಗೆ ಪುಸ್ತಕ ಎಷ್ಟು ಮುಗಿದಿರಬೇಕು?

ಬರಹ ಪೂರ್ತಿ ಮುಗಿದಿರಲಿ. ಚಿತ್ರಗಳಲ್ಲಿ ಮೂರನೇ ಒಂದು ಭಾಗವಾದರೂ ಸಿದ್ಧವಿರಲಿ. ನಾಲ್ಕೈದು ಪುಟಗಳನ್ನು ಅಂತಿಮ ವಿನ್ಯಾಸದಲ್ಲೇ ತೋರಿಸಿ. ಖಾಲಿ ಹಾಳೆಗಳದ್ದೇ ಆದರೂ ನಿಜವಾದ ಕಾಗದ, ನಿಜವಾದ ರಟ್ಟು ಹಾಕಿ ಒಂದು ಡಮ್ಮಿ ಪ್ರತಿ ಕಟ್ಟಿಸಿಕೊಳ್ಳಿ. ಡಮ್ಮಿಯಿಂದ ಎರಡು ಉಪಯೋಗ. ಒಂದು, ಜನರಿಗೆ ಕೈಯಲ್ಲಿ ಹಿಡಿದು ತೋರಿಸಬಹುದು. ಎರಡನೆಯದೇ ಮುಖ್ಯ: ಅದನ್ನು ತೂಕ ಹಾಕಬಹುದು. ಅಂಚೆ ವೆಚ್ಚ ನಿಂತಿರುವುದು ತೂಕದ ಮೇಲೆ, ಊಹಿಸಿದ ತೂಕದ ಮೇಲೆ ಕಟ್ಟಿದ ಬಜೆಟ್ ಕೊನೆಯಲ್ಲಿ ಕುಸಿಯುತ್ತದೆ.

ಕಲಾವಿದರ ಜೊತೆ ಬರಹದಲ್ಲಿ ಒಪ್ಪಂದವೂ ಇರಬೇಕು. ಎಷ್ಟು ಚಿತ್ರ, ಎಷ್ಟು ಸಂಭಾವನೆ, ಯಾವ ದಿನಾಂಕದೊಳಗೆ, ಮೂಲ ಚಿತ್ರ ಯಾರದು, ಅದನ್ನು ಪೋಸ್ಟ್‌ಕಾರ್ಡ್ ಆಗಿ ಮಾರಬಹುದೇ ಎಂಬುದೆಲ್ಲ ಅದರಲ್ಲಿ ಬರಲಿ. ಕೊಡುಗೆ ಹಂತದಲ್ಲಿ ಮೂಲ ಚಿತ್ರ ಕೊಡುತ್ತೇವೆಂದು ಪ್ರಕಟಿಸಿದ ಮೇಲೆ ಕಲಾವಿದರು ಒಪ್ಪದಿದ್ದರೆ ಬಿಡಿಸಲಾಗದ ಗಂಟಾಗುತ್ತದೆ.

## ಗುರಿ ಮೊತ್ತದ ಲೆಕ್ಕ

ನನ್ನ ಒಟ್ಟು ಖರ್ಚು 26,000. ಗುರಿನೂ 26,000 ಇಟ್ರೆ ಸಾಕಲ್ವಾ?

ಸಾಲುವುದಿಲ್ಲ. ಹಲವು ಪುಸ್ತಕ ಯೋಜನೆಗಳು ಎಡವುವುದು ಇಲ್ಲಿಯೇ, ಅದಕ್ಕೇ ಲೆಕ್ಕವನ್ನು ಬಿಡಿಸಿ ನೋಡೋಣ.

ಚಿತ್ರಗಳಿಗೆ 8,000, ಸಂಪಾದನೆ ಮತ್ತು ಕರಡು ತಿದ್ದುವುದಕ್ಕೆ 2,000, ಪುಟ ವಿನ್ಯಾಸ ಮತ್ತು ಮಾದರಿ ಪ್ರತಿಗೆ 2,000, 500 ಪ್ರತಿ ಮುದ್ರಣಕ್ಕೆ 14,000. ಒಟ್ಟು 26,000. ಗುರಿಯನ್ನೂ ಅಷ್ಟೇ ಇಟ್ಟಿರಿ, ತಲಾ 100ರಂತೆ 260 ಜನ ಬಂದರು, ಗುರಿ ಮುಟ್ಟಿತು ಎನ್ನಿ. ಈಗ ವೇದಿಕೆಯ ಶುಲ್ಕ, ಪಾವತಿ ಶುಲ್ಕ, ಕಾರ್ಡ್ ವಿಫಲವಾಗಿ ಬಾರದೆ ಹೋದ ಹಣ ಎಲ್ಲ ಸೇರಿ ನೂರಕ್ಕೆ 10 ಹೋಗುತ್ತದೆ ಎಂದಿಟ್ಟುಕೊಳ್ಳಿ, ಅದು 2,600. ಪ್ರತಿ ಪುಸ್ತಕಕ್ಕೆ ಪೆಟ್ಟಿಗೆ ಮತ್ತು ಅಂಚೆಗೆ 20, ಅಂದರೆ 5,200. ಕೈಯಲ್ಲಿ ಉಳಿಯುವುದು 18,200. ಗುರಿ ಮುಟ್ಟಿದ ಮೇಲೂ 7,800 ಕಡಿಮೆ.

ಸರಿಯಾದ ದಾರಿ ಇದಕ್ಕೆ ತಿರುಗುಮುರುಗು. ಒಬ್ಬ ಬೆಂಬಲಿಗರು ಕೊಟ್ಟ 100ರಲ್ಲಿ ಶುಲ್ಕದ 10, ಕಳಿಸುವ 20 ಕಳೆದರೆ 70 ಉಳಿಯುತ್ತದೆ. ಪುಸ್ತಕದ ಕೆಲಸಕ್ಕೆ ನಿಜವಾಗಿ ಸಿಗುವುದು ಈ 70 ಮಾತ್ರ. ಒಟ್ಟು ಖರ್ಚಿನ ಮೇಲೆ ಆಪತ್ತಿಗೆಂದು ನೂರಕ್ಕೆ 10 ಸೇರಿಸಿ: 26,000ಕ್ಕೆ 2,600 ಕೂಡಿ 28,600. ಇದನ್ನು 70ರಿಂದ ಭಾಗಿಸಿದರೆ 409 ಬೆಂಬಲಿಗರು. ಗುರಿ ಸುಮಾರು 41,000.

ಶುಲ್ಕದ ಬಗ್ಗೆ ಒಂದು ಮಾತು. ಕಿಕ್‌ಸ್ಟಾರ್ಟರ್ ಸಂಗ್ರಹವಾದ ಹಣದ ಮೇಲೆ ನೂರಕ್ಕೆ 5 ತೆಗೆದುಕೊಳ್ಳುತ್ತದೆ. ಪಾವತಿ ಶುಲ್ಕ ಬೇರೆ. ಅದರಲ್ಲಿ ಒಂದು ಭಾಗ ಶೇಕಡಾವಾರು, ಇನ್ನೊಂದು ಭಾಗ ಪ್ರತಿ ಪಾವತಿಗೂ ಇಷ್ಟೆಂದು ಸ್ಥಿರವಾದ ಸಣ್ಣ ಮೊತ್ತ. ಆ ಸ್ಥಿರ ಮೊತ್ತದಿಂದಾಗಿ ತೀರಾ ಚಿಕ್ಕ ಬೆಂಬಲಗಳಲ್ಲಿ ಶುಲ್ಕದ ಪಾಲು ನೂರಕ್ಕೆ 10ನ್ನೂ ದಾಟಬಹುದು.

ಮುದ್ರಣದ ಖರ್ಚನ್ನ ಒಂದು ಪ್ರತಿಗೆ 28 ಅಂತ ಹಿಡಿಯೋದಲ್ವಾ? ಒಟ್ಟಾಗಿ ಯಾಕೆ ಹಿಡಿದಿದ್ದೀರಿ?

ಆ 28 ಎಂಬ ದರ 500 ಪ್ರತಿ ಹಾಕಿಸಿದಾಗ ಮಾತ್ರ ನಿಜ. ಆಫ್‌ಸೆಟ್ ಮುದ್ರಣದಲ್ಲಿ ಪ್ಲೇಟ್ ಮಾಡುವುದು, ಯಂತ್ರ ಹೊಂದಿಸುವುದು, ಬಣ್ಣ ಸರಿಹೋಗುವವರೆಗೆ ಹಾಳೆ ಹಾಳು ಮಾಡುವುದು, ಇವೆಲ್ಲ 200 ಪ್ರತಿಗೂ ಒಂದೇ, 500 ಪ್ರತಿಗೂ ಒಂದೇ. ಪ್ರತಿಗಳ ಸಂಖ್ಯೆ ಇಳಿದಷ್ಟೂ ಒಂದೊಂದರ ಬೆಲೆ ಏರುತ್ತದೆ. 409 ಜನ ಬಂದರೂ ಬಿಲ್ ಬರುವುದು 500ಕ್ಕೇ. ಅದಕ್ಕಾಗಿ ಮುದ್ರಕರ ಕನಿಷ್ಠ ಸಂಖ್ಯೆ ಮುಟ್ಟುವವರೆಗೆ ಮುದ್ರಣವನ್ನು ಒಂದೇ ಗಂಟಾಗಿ ಹಿಡಿಯಬೇಕು. 500 ದಾಟಿದ ಮೇಲೆ ಹೆಚ್ಚುವರಿ ಪ್ರತಿಗೆ ಎಷ್ಟು ಎಂಬ ದರವನ್ನು ಮುದ್ರಕರಿಂದ ಪ್ರತ್ಯೇಕವಾಗಿ ಬರೆಸಿಕೊಳ್ಳಿ, ನಿರೀಕ್ಷೆಗಿಂತ ಹೆಚ್ಚು ಜನ ಬಂದರೆ ಅದು ಬೇಕಾಗುತ್ತದೆ.

ದರಪಟ್ಟಿ ಕೇಳುವಾಗ ಪುಟಗಳ ಸಂಖ್ಯೆ, ಪುಟದ ಅಳತೆ, ಕಾಗದದ ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ತೂಕ, ಎಷ್ಟು ಬಣ್ಣ, ರಟ್ಟು ಮತ್ತು ಹೊಲಿಗೆಯ ಬಗೆ, ಪ್ರತಿಗಳು ಇವಿಷ್ಟನ್ನೂ ಬರೆದುಕೊಡಿ. ಪುಟಗಳು 16ರ ಗುಣಕದಲ್ಲಿರಲಿ. ದೊಡ್ಡ ಹಾಳೆಯನ್ನು ಮಡಚಿದಾಗ 16 ಪುಟದ ಒಂದು ಫಾರಂ ಆಗುತ್ತದೆ. 96 ಪುಟ ಎಂದರೆ ಸರಿಯಾಗಿ ಆರು ಫಾರಂ. 100 ಪುಟ ಮಾಡಿದಿರೋ, ನಾಲ್ಕೇ ಪುಟಕ್ಕಾಗಿ ಇನ್ನೊಂದು ಮಡಿಕೆಯ ಖರ್ಚು ಬೀಳುತ್ತದೆ.

41,000 ನೋಡಿದ್ರೆ ಜನ ಹೆದರ್ತಾರೆ. ಗುರಿ ಕಮ್ಮಿ ಮಾಡೋ ದಾರಿ ಇಲ್ವಾ?

ಇದೆ. ಪುಸ್ತಕವನ್ನೇ ಚಿಕ್ಕದು ಮಾಡಬೇಕು. ಅದೇ ಪುಸ್ತಕ ಇಟ್ಟುಕೊಂಡು ಅಂಕಿಯನ್ನಷ್ಟೇ ಇಳಿಸಿದರೆ ಮೇಲೆ ಕಂಡ 7,800ರ ಹಳ್ಳಕ್ಕೆ ಬೀಳುತ್ತೀರಿ.

96 ಪುಟವನ್ನು 64 ಮಾಡಿ, ಗಟ್ಟಿ ರಟ್ಟಿನ ಬದಲು ಮೆತ್ತನೆ ರಟ್ಟು ಹಾಕಿದಿರಿ ಎನ್ನೋಣ. ಚಿತ್ರ 5,500, ಸಂಪಾದನೆ 1,400, ವಿನ್ಯಾಸ 1,500, ಮುದ್ರಣ 8,000. ಆಪತ್ತಿನ ಪಾಲೂ ಸೇರಿದರೆ 18,040. ಇಂಥ ಪುಸ್ತಕಕ್ಕೆ 100 ಕೇಳಲಾಗದು, 75 ಇಡಿ. ಶುಲ್ಕ 7.5, ಕಳಿಸಲು 15 ಕಳೆದರೆ ಉಳಿಯುವುದು 52.5. ಬೇಕಾದ ಬೆಂಬಲಿಗರು 344, ಗುರಿ ಸುಮಾರು 26,000.

ಗುರಿ ಮೂರನೇ ಒಂದಕ್ಕಿಂತ ಹೆಚ್ಚು ಇಳಿಯಿತು, ಬೇಕಾದ ಜನ ಮಾತ್ರ 409ರಿಂದ 344ಕ್ಕಷ್ಟೇ ಇಳಿದರು. ಅಗ್ಗದ ಪುಸ್ತಕಕ್ಕೂ ಹೆಚ್ಚುಕಡಿಮೆ ಅಷ್ಟೇ ಜನ ಬೇಕು. ಹಾಗಾಗಿ ನಿಮ್ಮ ನಿಜವಾದ ಗುರಿಯನ್ನು ಜನರ ಸಂಖ್ಯೆಯಲ್ಲಿ ಯೋಚಿಸಿ, ಹಣದಲ್ಲಲ್ಲ.

ಅಷ್ಟು ಜನ ಸಿಗ್ತಾರಾ ಅಂತ ಮೊದಲೇ ಗೊತ್ತಾಗೋದು ಹೇಗೆ?

ಬೆಂಬಲ ಸಾಮಾನ್ಯವಾಗಿ ಮೊದಲ ಕೆಲವು ದಿನ ಮತ್ತು ಕೊನೆಯ ಕೆಲವು ದಿನ ಜೋರಾಗಿ ಬರುತ್ತದೆ. ಮೊದಲ ವಾರದಲ್ಲಿ ಗುರಿಯ ನೂರಕ್ಕೆ 30ರಷ್ಟು ನಿಮಗೆ ಈಗಾಗಲೇ ಗೊತ್ತಿರುವವರಿಂದಲೇ ಬರುವಂತಿರಬೇಕು. ಮುಂದಿನ ಭಾಗದ ನಾಲ್ಕು ಹಂತಗಳ ಲೆಕ್ಕದಲ್ಲಿ ಗುರಿ 42,000 ಆಗುತ್ತದೆ, ತಲಾ ಸರಾಸರಿ ಬೆಂಬಲ 109. ಆ ಪ್ರಕಾರ ಮೊದಲ ವಾರ 12,600, ಅಂದರೆ ಸುಮಾರು 115 ಜನ.

ಈ 115ನ್ನು ಹೆಸರು ಹಿಡಿದು ಎಣಿಸಿ. ನೀವೇ ಫೋನ್ ಮಾಡಿ ಅಥವಾ ಎದುರಿಗೆ ಕೂತು ಕೇಳಬಲ್ಲವರಲ್ಲಿ ನಾಲ್ವರಿಗೆ ಒಬ್ಬರಂತೆ ಹಿಡಿಯಿರಿ. ನಿಮ್ಮ ಬರಹವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳುವವರಲ್ಲಿ ನೂರಕ್ಕೆ ಐವರನ್ನು ಹಿಡಿಯಿರಿ. 160 ಜನ ಪರಿಚಿತರಿಂದ 40, 1,500 ಜನರ ಇಮೇಲ್ ಪಟ್ಟಿಯಿಂದ 75 ಬಂದರೆ 115 ತುಂಬಿತು. ಸಾಮಾಜಿಕ ಜಾಲತಾಣದ ಹಿಂಬಾಲಕರನ್ನು ಈ ಎಣಿಕೆಗೆ ತರಬೇಡಿ. ಮೆಚ್ಚುಗೆ ಒತ್ತುವುದಕ್ಕೂ ಕಾರ್ಡ್ ತೆಗೆಯುವುದಕ್ಕೂ ಬಹಳ ದೂರ.

ಈ ಪ್ರಮಾಣಗಳು ಯೋಜನೆಗಾಗಿ ಇಟ್ಟುಕೊಂಡ ಅಂದಾಜು ಮಾತ್ರ. ಪರೀಕ್ಷಿಸಲು, ಒಂದು ತಿಂಗಳು ಮೊದಲೇ ಪಟ್ಟಿಯಲ್ಲಿ 100 ಜನರಿಗೆ ಮಾದರಿ ಪುಟಗಳನ್ನು ಕಳಿಸಿ, ಬೆಲೆಯನ್ನೂ ಹೇಳಿ, ಬೇಕಾದವರು ಒಂದು ಸಾಲು ಉತ್ತರ ಬರೆಯಲು ಕೇಳಿ. ಇಬ್ಬರೇ ಬರೆದರೆ ಪಟ್ಟಿ ಇನ್ನೂ ಬೆಳೆಯಬೇಕು, ದಿನಾಂಕ ಮುಂದೂಡಿ.

## ಕೊಡುಗೆ ಹಂತಗಳು

ಎಷ್ಟು ಹಂತ ಇಡಬೇಕು? ಬೆಲೆ ಹೇಗೆ ನಿಗದಿ ಮಾಡೋದು?

ಈ ಪುಸ್ತಕಕ್ಕೆ ನಾಲ್ಕು ಸಾಕು. ಪ್ರತಿ ಹಂತದ ಮುಂದೆಯೂ "ಉಳಿಯುವುದು" ಎಂಬ ಅಂಕಣ ಬರೆದುಕೊಳ್ಳಿ.

| ಹಂತ | ಮೊತ್ತ | ಶುಲ್ಕ | ತಯಾರಿ ಮತ್ತು ಅಂಚೆ | ಉಳಿಯುವುದು |
|---|---|---|---|---|
| ಡಿಜಿಟಲ್ ಪ್ರತಿ | 40 | 4 | 0 | 36 |
| ಮುದ್ರಿತ ಪುಸ್ತಕ | 100 | 10 | 20 | 70 |
| ಸಹಿ ಹಾಕಿದ ಪುಸ್ತಕ, ಎರಡು ಚಿತ್ರಗಳ ಮುದ್ರಣ | 160 | 16 | 34 | 110 |
| ಪುಸ್ತಕದ ಜೊತೆ ಒಂದು ಮೂಲ ಚಿತ್ರ, 10 ಮಾತ್ರ | 700 | 70 | 250 | 380 |

ಕೊನೆಯ ಹಂತದ 250ರಲ್ಲಿ 200 ಕಲಾವಿದರಿಗೆ ಹೋಗುತ್ತದೆ, 50 ವಿಮೆ ಸಹಿತ ಅಂಚೆಗೆ. ಈಗ ಯಾವ ಹಂತಕ್ಕೆ ಎಷ್ಟು ಜನ ಬರಬಹುದೆಂದು ಹಂಚಿ ನೋಡಿ: ಡಿಜಿಟಲ್‌ಗೆ 100, ಪುಸ್ತಕಕ್ಕೆ 210, ಸಹಿ ಪ್ರತಿಗೆ 60, ಮೂಲ ಚಿತ್ರಕ್ಕೆ 10. ಒಟ್ಟು 380 ಜನ, ಸಂಗ್ರಹ 41,600. ಉಳಿಯುವುದು 28,700, ಬೇಕಾದದ್ದು 28,600. ಗುರಿಯನ್ನು 42,000 ಎಂದು ಇಡಬಹುದು.

ಇಷ್ಟಕ್ಕೇ ನಿಲ್ಲಬೇಡಿ. ಮೂಲ ಚಿತ್ರಗಳು ಮೂರೇ ಹೋದವು ಎಂದು ಇನ್ನೊಮ್ಮೆ ಹಾಕಿ. ಏಳು ಕಡಿಮೆಯಾದರೆ ಉಳಿಕೆಯಲ್ಲಿ 2,660 ತಗ್ಗುತ್ತದೆ, ಅದನ್ನು ತುಂಬಲು ಇನ್ನೂ 38 ಪುಸ್ತಕ ಬೇಕು. ದುಬಾರಿ ಹಂತದ ಮೇಲೆ ಗುರಿ ಎಷ್ಟು ನೇತಾಡುತ್ತಿದೆ ಎಂಬುದು ಹೀಗೆ ಕಾಣುತ್ತದೆ.

ಟೀ ಶರ್ಟ್, ಚೀಲ, ಮಗ್ ಎಲ್ಲ ಸೇರಿಸಿದ್ರೆ ಜನ ಜಾಸ್ತಿ ಕೊಡ್ತಾರಲ್ಲ?

ಕೊಡುತ್ತಾರೆ, ಆದರೆ ಪುಸ್ತಕಕ್ಕೆ ಸಿಗುವುದು ಹೆಚ್ಚುವುದಿಲ್ಲ. ಪುಸ್ತಕದ ಜೊತೆ ಟೀ ಶರ್ಟ್ ಸೇರಿಸಿ 140 ಇಟ್ಟಿರಿ ಎನ್ನಿ. ಶುಲ್ಕ 14, ಭಾರವಾದ ಕಟ್ಟಿಗೆ 28, ಶರ್ಟ್‌ಗೆ 35. ಉಳಿಯುವುದು 63. ಬರೀ ಪುಸ್ತಕದಲ್ಲಿ 70 ಉಳಿಯುತ್ತಿತ್ತು. ಬೆಂಬಲಿಗರು 40 ಹೆಚ್ಚು ಕೊಟ್ಟರು, ಪುಸ್ತಕಕ್ಕೆ 7 ಕಡಿಮೆ ಬಂತು. ಇನ್ನು ಐದು ಅಳತೆ, ಬದಲಾಯಿಸಿ ಕೊಡಿ ಎಂಬ ಪತ್ರಗಳು, ಉಳಿದುಹೋದ ಶರ್ಟ್‌ಗಳು ಬೇರೆ. ಜೊತೆಗೊಂದು ವಸ್ತು ಕೊಡಲೇಬೇಕೆಂದಿದ್ದರೆ ಅದು ಪುಸ್ತಕದ ಪೆಟ್ಟಿಗೆಯೊಳಗೇ ಚಪ್ಪಟೆಯಾಗಿ ಕೂರುವಂಥದ್ದಾಗಿರಲಿ: ಚಿತ್ರದ ಮುದ್ರಣ, ಬುಕ್‌ಮಾರ್ಕ್, ಪೋಸ್ಟ್‌ಕಾರ್ಡ್.

ಅಂಚೆ ವೆಚ್ಚ ಬೆಲೆಯಲ್ಲೇ ಸೇರಿಸಬೇಕಾ, ಬೇರೆ ಕೇಳಬೇಕಾ?

ಬಹುಪಾಲು ಬೆಂಬಲಿಗರು ಒಂದೇ ಅಂಚೆ ದರದ ವ್ಯಾಪ್ತಿಯಲ್ಲಿದ್ದರೆ ಸೇರಿಸಿಬಿಡಿ, ಓದುವವರಿಗೆ ಸುಲಭ. ಬೇರೆ ಬೇರೆ ದೇಶಗಳಿಗೆ ಹೋಗುವುದಾದರೆ ಪ್ರದೇಶವಾರು ಬೇರೆಯಾಗಿಯೇ ಕೇಳಿ. ಹಾಗೆ ಕೇಳಿದ ಹಣವೂ ಕಿಕ್‌ಸ್ಟಾರ್ಟರ್‌ನಲ್ಲಿ ಒಟ್ಟು ಸಂಗ್ರಹದೊಳಗೇ ಎಣಿಕೆಯಾಗುತ್ತದೆ, ಅದರ ಮೇಲೂ ಶುಲ್ಕ ಬೀಳುತ್ತದೆ. ಪರದೆಯ ಮೇಲೆ ಗುರಿ ಮುಟ್ಟಿದಂತೆ ಕಂಡರೂ ಅದರಲ್ಲೊಂದು ಭಾಗ ಅಂಚೆಯವರದು ಎಂಬುದನ್ನು ನೆನಪಿಡಿ. ಹೊರದೇಶದ ಆಮದು ತೆರಿಗೆ ಯಾರು ಕಟ್ಟಬೇಕೆಂದೂ ಪ್ರಸ್ತಾವನೆಯಲ್ಲೇ ಬರೆಯಿರಿ.

## ಪ್ರಸ್ತಾವನೆಯ ಬರಹ

ಪುಟದಲ್ಲಿ ಏನೇನು, ಯಾವ ಕ್ರಮದಲ್ಲಿ ಬರಬೇಕು?

ಮೊದಲ ಪರದೆಯಲ್ಲೇ ಮೂರು ವಿಷಯ ತಿಳಿಯಬೇಕು: ಇದು ಏನು, ಯಾರಿಗೆ, ಎಷ್ಟರ ಮಟ್ಟಿಗೆ ಸಿದ್ಧವಾಗಿದೆ. "96 ಪುಟಗಳ ಸಚಿತ್ರ ಕಥಾಪುಸ್ತಕ. ಬರಹ ಮುಗಿದಿದೆ, 48 ಚಿತ್ರಗಳಲ್ಲಿ 20 ಸಿದ್ಧ. ಉಳಿದ ಚಿತ್ರಕ್ಕೂ ಮುದ್ರಣಕ್ಕೂ ನಿಮ್ಮ ಬೆಂಬಲ ಬೇಕು." ಇಷ್ಟು ಸಾಕು. ಅದರ ಕೆಳಗೆ ಒಳಪುಟಗಳು, ಆಮೇಲೆ ಕೊಡುಗೆ ಹಂತಗಳು, ಹಣ ಎಲ್ಲಿಗೆ ಹೋಗುತ್ತದೆ, ಯಾವಾಗ ತಲುಪುತ್ತದೆ, ಅಡ್ಡಿಗಳೇನು, ನೀವು ಯಾರು. ನಿಮ್ಮ ಕನಸಿನ ಕಥೆಯಿಂದ ಶುರುಮಾಡಿದರೆ ಓದುವವರು ಪುಸ್ತಕ ಕಾಣುವ ಮೊದಲೇ ಹೊರಟುಹೋಗುತ್ತಾರೆ. ವಿಡಿಯೊ ಎರಡು ನಿಮಿಷ ಮೀರದಿರಲಿ, ಮೊದಲ ಹತ್ತು ಸೆಕೆಂಡಿನಲ್ಲೇ ಪುಟ ತಿರುವುವುದು ಕಾಣಲಿ.

ಹಣದ ವಿವರವನ್ನು ಅಂಕಿಗಳಲ್ಲೇ ತೋರಿಸಿ. 42,000ರಲ್ಲಿ ಮುದ್ರಣಕ್ಕೆ ಮೂರನೇ ಒಂದು, ಚಿತ್ರಗಳಿಗೆ ಐದನೇ ಒಂದಕ್ಕೆ ತುಸು ಕಡಿಮೆ, ಉಳಿದದ್ದು ಹೀಗೆ ಹೀಗೆ ಎಂದಾಗ ಗುರಿ ದೊಡ್ಡದು ಅನ್ನಿಸುವುದಿಲ್ಲ. ಅಡ್ಡಿಗಳ ಭಾಗದಲ್ಲಿ "ಅನಿವಾರ್ಯ ಕಾರಣಗಳಿಂದ ತಡವಾಗಬಹುದು" ಎಂದು ಬರೆದರೆ ಯಾರಿಗೂ ಏನೂ ತಿಳಿಯದು. "ಕಲಾವಿದರು ಒಬ್ಬರೇ. ಅವರಿಗೆ ಅನಾರೋಗ್ಯವಾದರೆ ಚಿತ್ರಗಳು ನಿಲ್ಲುತ್ತವೆ. ಅದಕ್ಕೆಂದು ವೇಳಾಪಟ್ಟಿಯಲ್ಲಿ ಒಂಬತ್ತು ವಾರ ಬಿಟ್ಟಿದ್ದೇವೆ" ಎಂದು ಬರೆಯಿರಿ.

ಯಾವ ತಿಂಗಳು ತಲುಪಿಸ್ತೀವಿ ಅಂತ ಬರೆಯಲಿ?

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮೊಲಿಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿಕ್‌ಸ್ಟಾರ್ಟರ್‌ನ ಯೋಜನೆಗಳಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಹೇಳಿದ ಸಮಯಕ್ಕಿಂತ ತಡವಾಗಿ ತಲುಪಿಸಿದ್ದು ಕಂಡುಬಂತು. ಅವರದೇ 2015ರ ವರದಿಯಂತೆ ಕೊಡುಗೆಯನ್ನೇ ತಲುಪಿಸದವು ನೂರಕ್ಕೆ 9. ಅಂದರೆ ಹೆಚ್ಚಿನವರು ಮಾತು ಉಳಿಸಿಕೊಳ್ಳುತ್ತಾರೆ, ದಿನಾಂಕ ಉಳಿಸಿಕೊಳ್ಳುವುದಿಲ್ಲ.

ನಮ್ಮ ಪುಸ್ತಕದ ಲೆಕ್ಕ ಹೀಗೆ. ಅಭಿಯಾನ ಮುಗಿದ ಮೇಲೆ ಹಣ ಕೈಗೆ ಬರಲು ಎರಡು ವಾರ. ಉಳಿದ 28 ಚಿತ್ರಗಳಿಗೆ ವಾರಕ್ಕೆ ಎರಡರಂತೆ 14 ವಾರ. ವಿನ್ಯಾಸ 3, ಕರಡು ಮತ್ತು ಮಾದರಿ ಪ್ರತಿ 2, ಮುದ್ರಣ ಮತ್ತು ರಟ್ಟು 5, ಕಟ್ಟಿ ಕಳಿಸಲು 2. ಒಟ್ಟು 28 ವಾರ. ಇದಕ್ಕೆ ಮೂರನೇ ಒಂದು ಸೇರಿಸಿದರೆ 37 ವಾರ, ಅಂದರೆ ಸುಮಾರು ಒಂಬತ್ತು ತಿಂಗಳು. ಅದನ್ನೇ ಬರೆಯಿರಿ. ಬೇಗ ಬಂದ ಪುಸ್ತಕದ ಬಗ್ಗೆ ಯಾರೂ ದೂರುವುದಿಲ್ಲ.

## ಅಭಿಯಾನ ನಡೆಸುತ್ತಿರುವವರಿಗೆ

ಗುರಿ ದಾಟಿದ ಮೇಲೆ ಪುಟ ಹೆಚ್ಚಿಸ್ತೀವಿ ಅಂತ ಹೇಳಬಹುದಾ?

ತೂಕ ನೋಡದೆ ಹೇಳಬೇಡಿ. 150 ಜಿಎಸ್‌ಎಂ ಕಾಗದದಲ್ಲಿ ಎ5 ಅಳತೆಯ 48 ಹಾಳೆ, ಅಂದರೆ 96 ಪುಟ, ಸುಮಾರು 225 ಗ್ರಾಂ ತೂಗುತ್ತದೆ. ಗಟ್ಟಿ ರಟ್ಟಿಗೆ 120, ಪೆಟ್ಟಿಗೆ ಮತ್ತು ಒಳಗಿನ ಹೊದಿಕೆಗೆ 100 ಎಂದರೆ 445 ಗ್ರಾಂ. 32 ಪುಟ ಸೇರಿಸಿದರೆ 75 ಗ್ರಾಂ ಕೂಡಿ 520 ಆಗುತ್ತದೆ. ನಿಮ್ಮ ಅಂಚೆ ದರ 500 ಗ್ರಾಂಗೆ ಮುಂದಿನ ಹಂತಕ್ಕೆ ಏರುವಂತಿದ್ದರೆ, ಈಗಾಗಲೇ ಹಣ ಕೊಟ್ಟಿರುವ ಪ್ರತಿಯೊಬ್ಬರ ಕಟ್ಟಿಗೂ ನೀವು ಹೆಚ್ಚು ತೆರಬೇಕು, ಅವರಿಂದ ಹೆಚ್ಚಿಗೆ ಬರುವುದಿಲ್ಲ. ಕಲಾವಿದರಿಗೂ ಹೊಸ ಕೆಲಸ, ದಿನಾಂಕವೂ ಜಾರುತ್ತದೆ. ತೂಕ ಏರಿಸದ ಸುಧಾರಣೆಗಳೇ ಕ್ಷೇಮ: ರಟ್ಟಿನ ಮೇಲೆ ಹೊಳಪಿನ ಅಕ್ಷರ, ಒಳಹಾಳೆಯಲ್ಲಿ ಚಿತ್ರ, ಎಲ್ಲರಿಗೂ ಡಿಜಿಟಲ್ ಪ್ರತಿ.

ಎರಡನೇ ವಾರ ಏನೂ ಬರ್ತಿಲ್ಲ. ಹಂತಗಳ ಬೆಲೆ ಇಳಿಸಲಾ?

ಇಳಿಸಬೇಡಿ. 100 ಕೊಟ್ಟವರ ಎದುರಿಗೆ 80ಕ್ಕೆ ಮಾರಿದಂತಾಗುತ್ತದೆ, ಅವರು ಹಿಂತೆಗೆದು ಮತ್ತೆ 80ಕ್ಕೆ ಬರುತ್ತಾರೆ. ನಡುವಿನ ವಾರಗಳು ನಿಧಾನವಾಗಿರುವುದು ಸಹಜ. ಆ ಹೊತ್ತಿಗೆಂದೇ ಎರಡು ಮೂರು ಹೊಸ ಚಿತ್ರಗಳನ್ನು, ಒಂದು ಅಧ್ಯಾಯವನ್ನು ತೆಗೆದಿಟ್ಟಿರಿ. ಮಾತು ಕೊಟ್ಟು ಇನ್ನೂ ಬಾರದವರ ಹೆಸರಿನ ಪಟ್ಟಿ ತೆಗೆದು ಒಬ್ಬೊಬ್ಬರಿಗೇ ಬರೆಯಿರಿ. ಆದರೆ ಮೊದಲ ವಾರದಲ್ಲೇ ನೂರಕ್ಕೆ 10 ಕೂಡ ಬಂದಿಲ್ಲವಾದರೆ ತೊಂದರೆ ಬೆಲೆಯದಲ್ಲ, ಪಟ್ಟಿಯದು. ಅಭಿಯಾನವನ್ನು ನಿಲ್ಲಿಸಿ, ಬೆಂಬಲಿಸಿದವರಿಗೆ ಕಾರಣ ತಿಳಿಸಿ, ಅವರ ವಿಳಾಸಗಳನ್ನು ಅನುಮತಿ ಕೇಳಿ ಇಟ್ಟುಕೊಂಡು, ಪಟ್ಟಿ ಬೆಳೆಸಿ ಮತ್ತೆ ಬನ್ನಿ. ಗುರಿ ಮುಟ್ಟದಿದ್ದರೆ ಹಣ ಕಡಿತವಾಗದ ಪದ್ಧತಿಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ.

ಹಣ ಬಂತು, ಆದ್ರೆ ಮುದ್ರಕರು ಕಾಗದದ ಬೆಲೆ ಏರಿದೆ ಅಂತಿದ್ದಾರೆ. ಈಗೇನು?

ದರಪಟ್ಟಿಗಳಿಗೆ ಅವಧಿ ಇರುತ್ತದೆ. ನಿಮ್ಮ ಚಿತ್ರಗಳು ಮುಗಿಯುವುದು ನಾಲ್ಕು ತಿಂಗಳ ನಂತರ ಎಂದಾದರೆ, ಹಣ ಬಂದ ವಾರವೇ ಕಾಗದಕ್ಕೆ ಮುಂಗಡ ಕೊಟ್ಟು ತೆಗೆದಿರಿಸಲು ಕೇಳಬಹುದು. ಒಟ್ಟು ಮುದ್ರಣ ಮೊತ್ತವನ್ನು ಕೊಡುವ ಅಗತ್ಯವಿಲ್ಲ. ಅದು ಆಗದೆ ಮುದ್ರಣಕ್ಕೆ 14,000ದ ಬದಲು 16,000 ಎಂದರೆ, ಆಪತ್ತಿಗೆಂದು ಇಟ್ಟ 2,600ರಲ್ಲಿ 2,000 ಹೋಗಿ 600 ಉಳಿಯುತ್ತದೆ. ದಾರಿಯಲ್ಲಿ ಹಾಳಾದ ಪ್ರತಿಗಳನ್ನು ಮತ್ತೆ ಕಳಿಸಲು ಅದು ಸಾಕು. 280 ಕಟ್ಟುಗಳಲ್ಲಿ ಹತ್ತು ಹದಿನೈದು ಹಾಳಾದರೂ ಬೇಕಾಗುವುದು ಅಂಚೆಯ 300, ಪ್ರತಿಗಳು ಉಳಿದ ದಾಸ್ತಾನಿನಲ್ಲೇ ಇವೆ. ಇನ್ನೂ ಹೆಚ್ಚು ಏರಿದರೆ 150ರ ಬದಲು 130 ಜಿಎಸ್‌ಎಂ ಕಾಗದದಲ್ಲಿ ಮಾದರಿ ತೆಗೆಸಿ, ಹಿಂಬದಿಯ ಚಿತ್ರ ಇಣುಕುತ್ತದೆಯೇ ನೋಡಿ. ಇಣುಕದಿದ್ದರೆ ಬೆಂಬಲಿಗರಿಗೆ ತಿಳಿಸಿಯೇ ಬದಲಾಯಿಸಿ. ಪುಟ ಕಡಿಮೆ ಮಾಡುವುದನ್ನು ಮಾತ್ರ ಕೈಗೆತ್ತಿಕೊಳ್ಳಬೇಡಿ, 96 ಪುಟದ ಪುಸ್ತಕಕ್ಕೆಂದೇ ಅವರು ಹಣ ಕೊಟ್ಟಿದ್ದಾರೆ.